3200 ರ‍್ಯಾಮ್ ಕಿಟ್, ಮೂರು ವರ್ಷದ ಬಳಕೆ: ಒಂಟಿಯಾಗಿ ಚಿನ್ನ, ಜೊತೆ ಸೇರಿಸಿದರೆ ತಕರಾರು

ಅಂಕ: ಒಂಟಿಯಾಗಿ 5ಕ್ಕೆ 5, ಬೇರೆ ಕಿಟ್ ಜೊತೆ 2.

ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಮೂರು ವರ್ಷದಿಂದ ದಿನವಿಡೀ ಓಡುತ್ತಿರುವ ಡಿಡಿಆರ್4 ಕಿಟ್ ಇದು. 8 ಜಿಬಿಯ ಎರಡು ಸ್ಟಿಕ್, ವೇಗ 3200, ಟೈಮಿಂಗ್ CL16. ರೈಜನ್ 5 3600, ನಾಲ್ಕು ಸ್ಲಾಟಿನ ಬಿ450 ಬೋರ್ಡ್. A2, B2 ಸ್ಲಾಟಿಗೆ ಹಾಕಿ ಬಯಾಸಿನಲ್ಲಿ, ಬಾಕ್ಸಿನ ಮೇಲಿನ ವೇಗಕ್ಕೆ ಏರಿಸುವ XMP ಆನ್ ಮಾಡಿದ ಮೇಲೆ ಅದನ್ನು ಮುಟ್ಟುವ ಕೆಲಸವೇ ಬರಲಿಲ್ಲ.

ಯಕ್ಷಗಾನದ ಫ್ಲೆಕ್ಸ್ ಫೈಲುಗಳಿಗೆ 16 ಜಿಬಿ ಸಾಲದೆ, ಮಂಗಳೂರಿನಿಂದ 16 ಜಿಬಿಯ ಇನ್ನೆರಡು ಸ್ಟಿಕ್ ತಂದು ಖಾಲಿ ಸ್ಲಾಟಿಗೆ ಹಾಕಿದಾಗ ತಕರಾರು ಶುರು. ಬಾಕ್ಸಿನ ಮೇಲೆ ಅದೇ 3200, ಅದೇ CL16. ಆದರೂ ಫ್ಯಾನ್ ಮಾತ್ರ ತಿರುಗುತ್ತದೆ, ಬೋರ್ಡಿನ DRAM ದೀಪ ಆರುವುದಿಲ್ಲ, ಸ್ಕ್ರೀನ್ ಕಪ್ಪು.

ಬಾಕ್ಸ್ ಹೇಳದ್ದನ್ನು ಸ್ಟಿಕ್ಕಿನ ಸ್ಟಿಕ್ಕರ್ ಹೇಳುತ್ತದೆ. ಹಳೆಯದರಲ್ಲಿ 1Rx8, ಹೊಸದರಲ್ಲಿ 2Rx8. ಒಮ್ಮೆಗೆ 64 ಬಿಟ್ ಕೊಡುವ ಚಿಪ್‌ಗಳ ಗುಂಪಿಗೆ ರ‍್ಯಾಂಕ್ ಎನ್ನುತ್ತಾರೆ. 8 ಬಿಟ್ಟಿನ ಎಂಟು ಚಿಪ್ ಸೇರಿದರೆ ಒಂದು ರ‍್ಯಾಂಕ್, ಹದಿನಾರು ಇದ್ದರೆ ಎರಡು. A1, A2 ಸ್ಲಾಟ್ ಒಂದು ಚಾನೆಲ್, B1, B2 ಇನ್ನೊಂದು; ಒಂದೇ ಚಾನೆಲಿನ ರ‍್ಯಾಂಕ್‌ಗಳೆಲ್ಲ ಒಂದೇ ತಂತಿಗಳಿಗೆ ನೇತಾಡುತ್ತವೆ. ಇಲ್ಲಿ ಪ್ರತಿ ಚಾನೆಲಿಗೆ 1+2, ಅಂದರೆ ಮೂರು. ಭಾರ ಹೆಚ್ಚಿದಂತೆ ಸಿಗ್ನಲ್ ಮಂಕಾಗುತ್ತದೆ. ಸಾಲದ್ದಕ್ಕೆ XMP ಟೈಮಿಂಗ್ ಆಯಾ ಕಿಟ್ ಒಂದನ್ನೇ ಪರೀಕ್ಷಿಸಿ ಬರೆದದ್ದು, ಪಕ್ಕದ ಸ್ಟಿಕ್ಕಿನ ಗೊಡವೆ ಅದಕ್ಕಿಲ್ಲ. ಈ ಪ್ರೊಸೆಸರಿಗೆ ಎಎಂಡಿ ಕೊಟ್ಟ ಮಿತಿಯೇ ಹೀಗಿದೆ: ಎರಡು ಸ್ಟಿಕ್ಕಿಗೆ 3200, ಸಿಂಗಲ್ ರ‍್ಯಾಂಕಿನ ನಾಲ್ಕಕ್ಕೆ 2933, ಡ್ಯುಯಲ್ ರ‍್ಯಾಂಕಿನ ನಾಲ್ಕಕ್ಕೆ 2667. ಅದರ ಮೇಲೆ ಓಡಿದರೆ ಅದೃಷ್ಟ; ಅಂಗಡಿಯವರ ಜೊತೆ ಜಗಳಕ್ಕೆ ಹೋಗುವಂತಿಲ್ಲ.

ಸರಿಮಾಡುವುದು ಹೀಗೆ. ಪ್ಲಗ್ ಕಿತ್ತು, ಹಳೆಯ ಬಯಾಸ್ ಸೆಟ್ಟಿಂಗ್ ಅಳಿಸಲು ಬೋರ್ಡಿನ CMOS ಪಿನ್ ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಡ್ಯುಯಲ್ ರ‍್ಯಾಂಕ್ ಜೋಡಿಯನ್ನು A2, B2ಗೆ, ಹಳೆಯದನ್ನು A1, B1ಗೆ ಹಾಕಿ. ಎರಡೂ ಚಾನೆಲಿಗೆ ತಲಾ 24 ಜಿಬಿ ಆಗುತ್ತದೆ. ಮೊದಲ ಸಲ ಸ್ಕ್ರೀನ್ ಬರಲು ಒಂದೆರಡು ನಿಮಿಷ ಹಿಡಿಯಬಹುದು, ನಡುವೆ ತಾನೇ ರೀಸ್ಟಾರ್ಟೂ ಆಗಬಹುದು. ಅವಸರದಲ್ಲಿ ಸ್ವಿಚ್ ಒತ್ತಬೇಡಿ. XMP ಆಫ್ ಇಟ್ಟು ವೇಗ 2666, ವೋಲ್ಟೇಜ್ 1.35, Command Rate 2T, ಉಳಿದ ಟೈಮಿಂಗ್ Auto.

ವಿಂಡೋಸ್ ತೆರೆಯಿತೆಂದು ನಂಬಿ ಕೂರಬೇಡಿ. ತಪ್ಪು ಬಿಟ್ ಎಂದರೆ ಸೇವ್ ಮಾಡಿದ ಫೈಲೇ ಕೆಡಬಹುದು. ರಾತ್ರಿ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಕಂಡರೂ 2400ಕ್ಕೆ ಇಳಿಸಿ. ಲಿನಕ್ಸಿನಲ್ಲಿ ರ‍್ಯಾಂಕ್ ಮತ್ತು ಈಗಿನ ವೇಗ ಎರಡೂ ಇದರಲ್ಲಿ ಕಾಣುತ್ತವೆ:

```
sudo dmidecode -t memory | grep -E "Rank|Configured Memory Speed"
```

ಇಲ್ಲಿ 48 ಜಿಬಿ 2666ರಲ್ಲಿ ನಿಂತಿತು. ನಿಜ ಹೇಳಬೇಕೆಂದರೆ 32 ಸಾಕಿದ್ದವರು ಹಳೆಯ 8ರ ಜೋಡಿಯನ್ನು ತೆಗೆದು ಮಾರುವುದೇ ಒಳ್ಳೆಯದು. 2Rx8ನ ಎರಡೇ ಸ್ಟಿಕ್ 3200ರಲ್ಲೇ ಓಡುತ್ತವೆ, ಚಾನೆಲಿಗೆ ಎರಡು ರ‍್ಯಾಂಕ್ ಇರುವುದರಿಂದ ಒಂದು ತಯಾರಾಗುವಷ್ಟರಲ್ಲಿ ಇನ್ನೊಂದು ಡೇಟಾ ಕೊಡುವ ಲಾಭವೂ ಸಿಗುತ್ತದೆ. ಹಳೆಯದನ್ನು ಉಳಿಸಿಕೊಳ್ಳಲೇಬೇಕೆಂದರೆ, ದುಡ್ಡು ಕೊಡುವ ಮೊದಲು ಸ್ಟಿಕ್ಕರಿನ ಫೋಟೊ ವಾಟ್ಸಾಪಿಗೆ ತರಿಸಿ 1Rx8 ಇದೆಯೇ ಎಂದು ನೋಡಿಕೊಳ್ಳಿ. ಮಾಡೆಲ್ ನಂಬರ್ ಒಂದೇ ಇದ್ದರೂ ಒಳಗಿನ ಚಿಪ್ ಬದಲಾಗಿರುವುದುಂಟು.