ಎಲ್ಲರೂ ನೋಡಿದ್ದು ಕೆಂಪನ್ನು, ಪಾಪೆಯನ್ನು ಯಾರೂ ನೋಡಲಿಲ್ಲ

2023ರ ಜುಲೈ ತಿಂಗಳಲ್ಲಿ ಮುಂಬಯಿ, ಪುಣೆಗಳಲ್ಲಿ ಕಣ್ಣುಬೇನೆ ಹಬ್ಬಿದ್ದು ಹಲವರಿಗೆ ನೆನಪಿರಬಹುದು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿಯೂ ಮನೆಗೊಬ್ಬರಂತೆ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದರು. ಶಾಲೆಯಿಂದ ನನ್ನ ಮಗ ಅದನ್ನು ತಂದ ವಾರದಲ್ಲಿಯೇ ಅತ್ತೆಯವರ ಬಲಗಣ್ಣು ಕೆಂಪಾಯಿತು. ಅದೂ ಅದೇ ಬೇನೆಯೆಂದು ನಂಬಿ ನಾವು ಕಳೆದುಕೊಂಡ ಸುಮಾರು 36 ಗಂಟೆಗಳ ಬೆಲೆಯನ್ನು ಅವರ ಕಣ್ಣು ತೆತ್ತಿದೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದೆಂದು ನಡೆದದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ.

ಅತ್ತೆಯವರಿಗೆ ಆಗ 64 ವರ್ಷ. ಕುಂದಾಪುರದ ಕಡೆಯವರು, ಮಳೆಗಾಲಕ್ಕೆಂದು ನಮ್ಮಲ್ಲಿಗೆ ಬಂದಿದ್ದರು. ಚಿಕ್ಕಂದಿನಿಂದಲೂ ಪ್ಲಸ್ ಪವರಿನ ದಪ್ಪ ಕನ್ನಡಕ. ಶನಿವಾರ ಸಂಜೆ ತರಕಾರಿ ತರಲು ನನ್ನೊಡನೆ ಬಂದವರು, ಬೀದಿದೀಪದ ಕೆಳಗೆ ನಿಂತು, “ಇಲ್ಲಿನ ದೀಪಗಳಿಗೆಲ್ಲ ಕಾಮನಬಿಲ್ಲಿನ ಹಾಗೆ ಬಣ್ಣದ ಬಳೆ ಕಾಣುತ್ತದಲ್ಲ ಮಾರಾಯ್ತಿ” ಎಂದರು. ಜಿಟಿಜಿಟಿ ಮಳೆ ಬೀಳುತ್ತಿತ್ತು. ಕನ್ನಡಕದ ಮೇಲೆ ಹನಿ ಕೂತಿರಬೇಕೆಂದು ಹೇಳಿ, ಸೆರಗಿನಿಂದ ಒರೆಸಿ ಕೊಟ್ಟೆ. ಒರೆಸಿದ ಮೇಲೂ ಬಳೆ ಹೋಯಿತೇ ಎಂದು ಕೇಳಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಬಲಹುಬ್ಬಿನ ಮೇಲೆ ನೋವು ಶುರುವಾಯಿತು. ಹನ್ನೊಂದಕ್ಕೆ ಒಮ್ಮೆ, ಬೆಳಗಿನ ಜಾವ ಇನ್ನೊಮ್ಮೆ ವಾಂತಿಯಾಯಿತು. ಸಂಜೆ ತಿಂದ ಬಟಾಟೆವಡೆಯ ಮೇಲೆ ಅಪವಾದ ಹೊರಿಸಿ ಜೀರಿಗೆ ಕಷಾಯ ಮಾಡಿ ಕೊಟ್ಟದ್ದಾಯಿತು.

ಭಾನುವಾರ ಬೆಳಗ್ಗೆ ಕಣ್ಣು ಕೆಂಪಾಗಿತ್ತು. ಕಿಟಕಿಯ ಬಳಿ ಕೂರಿಸಿ ಎರಡು ಫೋಟೋ ತೆಗೆದೆ: ಒಂದು ಎರಡೂ ಕಣ್ಣು ಕಾಣುವಂತೆ, ಇನ್ನೊಂದು ಬಲಗಣ್ಣನ್ನು ಮಾತ್ರ ಹತ್ತಿರದಿಂದ. ಸ್ಪಷ್ಟವಾಗಿ ಕಾಣಲಿ ಎಂದು ಎರಡನೆಯದನ್ನು ಪರಿಚಯದ ವೈದ್ಯರೊಬ್ಬರಿಗೂ ಮನೆಯವರ ವಾಟ್ಸ್ಯಾಪ್ ಗುಂಪಿಗೂ ಕಳುಹಿಸಿ, ಕೆಳಗೆ “ಮಗನಿಗೆ ಹೋದ ವಾರ ಕಣ್ಣುಬೇನೆ ಆಗಿತ್ತು, ಈಗ ಅತ್ತೆಗೂ ಬಂದಿರಬಹುದೇ?” ಎಂದು ಬರೆದೆ. ಉತ್ತರವನ್ನು ಪ್ರಶ್ನೆಯಲ್ಲಿಯೇ ಇಟ್ಟು ಕಳುಹಿಸಿದ್ದೆ. ಹುಬ್ಬಿನ ನೋವು, ವಾಂತಿ, ದೀಪದ ಬಳೆ, ಇವು ಮೂರೂ ಆ ಸಂದೇಶದಲ್ಲಿ ಇರಲಿಲ್ಲ, ಏಕೆಂದರೆ ಅವು ಕಣ್ಣಿನ ಸಂಗತಿಗಳೆಂದೇ ನನಗೆ ಹೊಳೆದಿರಲಿಲ್ಲ. ವೈದ್ಯರು ಹೌದೆಂದರು. ಔಷಧಿ ಅಂಗಡಿಯವನು ಫೋಟೋ ನೋಡಿ ಮರಾಠಿಯಲ್ಲಿ “ಡೋಳೆ ಆಲೇತ್”, ಅಂದರೆ ಕಣ್ಣುಬೇನೆ ಬಂದಿದೆ, ಎಂದು ಆ್ಯಂಟಿಬಯಾಟಿಕ್ ಜೊತೆಗೆ ಸ್ಟೆರಾಯ್ಡ್ ಬೆರೆತ ಹನಿಮದ್ದನ್ನು ಚೀಟಿಯಿಲ್ಲದೆಯೇ ಕೊಟ್ಟ. ನಮ್ಮ ಭಾವ ಗುಂಪಿನಲ್ಲಿ, “ನಿನ್ನ ಗಂಡನಿಗೂ ಏಪ್ರಿಲ್‌ನಲ್ಲಿ ಹೀಗೇ ಆಗಿರಲಿಲ್ಲವೇ, ತಾನಾಗಿಯೇ ಹೋಗುತ್ತದೆ” ಎಂದು ಬರೆದರು.

ಈ ಕಡೆಯ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಏಪ್ರಿಲ್‌ನಲ್ಲಿ ನಮ್ಮವರ ಕಣ್ಣಿಗೆ ಆದದ್ದು ಬೇರೆಯೇ. ಒಂದು ವಾರ ಕೆಮ್ಮಿ ಕೆಮ್ಮಿ ಎದ್ದ ಒಂದು ಬೆಳಗ್ಗೆ ಎಡಗಣ್ಣಿನ ಬಿಳಿಭಾಗದ ಮೂಲೆಯಲ್ಲಿ ಕುಂಕುಮ ಚೆಲ್ಲಿದಂತಹ ಕಲೆ ಕಾಣಿಸಿತು. ನೋವಿಲ್ಲ, ಗೀಜಿಲ್ಲ, ದೃಷ್ಟಿ ಎಂದಿನಂತೆಯೇ ಇತ್ತು, ಕನ್ನಡಿ ನೋಡುವವರೆಗೆ ಅವರಿಗೆ ಗೊತ್ತೇ ಇರಲಿಲ್ಲ. ಕಣ್ಣಿನ ತೆಳುಪೊರೆಯ ಕೆಳಗೆ ಚಿಕ್ಕ ರಕ್ತನಾಳವೊಂದು ಒಡೆದು ರಕ್ತ ಹರಡಿಕೊಂಡಾಗ ಹೀಗಾಗುತ್ತದೆ. ಫೋಟೋದಲ್ಲಿ ಭಯ ಹುಟ್ಟಿಸುವುದು ಇದೇ, ನಿಜದಲ್ಲಿ ಸಾಮಾನ್ಯವಾಗಿ ನಮ್ಮ ಮನೆಯವರು ಕಂಡ ಮೂರು ಬಗೆಯ ಕೆಂಪುಗಣ್ಣುಗಳಲ್ಲಿ ಅತ್ಯಂತ ನಿರಪಾಯದ್ದೂ ಇದೇ. ಗುರುತು ಸುಲಭ: ಕೆಂಪು ಒಂದೇ ಸಮನಾಗಿ ಬಣ್ಣ ಬಳಿದಂತಿರುತ್ತದೆ, ಒಳಗೆ ರಕ್ತನಾಳದ ಗೆರೆಗಳು ಕಾಣುವುದಿಲ್ಲ, ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿರುತ್ತದೆ, ಅಂಚಿನಾಚೆಗೆ ಬಿಳಿಭಾಗ ಬೆಳ್ಳಗೆಯೇ ಇರುತ್ತದೆ. ಹತ್ತು ಹನ್ನೆರಡು ದಿನಗಳಲ್ಲಿ ಅದು ಹಳದಿಗೆ ತಿರುಗಿ ಮಾಯವಾಯಿತು. ವೈದ್ಯರು ಮಾಡಿದ್ದು ರಕ್ತದೊತ್ತಡ ನೋಡಿ, ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದು, ಇಷ್ಟೇ. ಪೆಟ್ಟು ಬಿದ್ದು ಹೀಗಾದರೆ ಅಥವಾ ಮತ್ತೆ ಮತ್ತೆ ಆದರೆ ಮಾತು ಬೇರೆ. ಆದರೆ ಆ ಒಂದು ಅನುಭವ ನಮ್ಮ ಮನೆಯಲ್ಲಿ ‘ಕೆಂಪುಗಣ್ಣಿಗೆ ಹೆದರಬೇಕಿಲ್ಲ’ ಎಂಬ ಧೈರ್ಯವನ್ನು ಬಿತ್ತಿತ್ತು.

ಮಗನ ಕಣ್ಣುಬೇನೆಯೂ ಈಗ ಯೋಚಿಸಿದರೆ ಅತ್ತೆಯವರದ್ದಕ್ಕೆ ಹೋಲುತ್ತಿರಲಿಲ್ಲ. ಅವನಿಗೆ ಮೊದಲು ಒಂದು ಕಣ್ಣು, ಎರಡು ದಿನದ ಮೇಲೆ ಇನ್ನೊಂದು ಕೆಂಪಾಗಿತ್ತು. ಬೆಳಗ್ಗೆ ರೆಪ್ಪೆಗಳು ಅಂಟಿಕೊಂಡು, ಹತ್ತಿಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಒರೆಸಿದ ಮೇಲೆಯೇ ಬಿಡುತ್ತಿದ್ದವು. ಮರಳು ಬಿದ್ದಂತೆ ಚುಚ್ಚುತ್ತದೆ ಎನ್ನುತ್ತಿದ್ದನೇ ಹೊರತು ನೋವೆಂದು ನರಳಿರಲಿಲ್ಲ. ಗೀಜು ಅಡ್ಡ ಬಂದು ಮಂಜಾದರೂ ನಾಲ್ಕು ಬಾರಿ ರೆಪ್ಪೆ ಬಡಿದರೆ ತಿಳಿಯಾಗುತ್ತಿತ್ತು. ಕೆಂಪು ರೆಪ್ಪೆಯ ಒಳಬದಿಯಲ್ಲಿ ಗಾಢವಾಗಿದ್ದು ಕರಿಗುಡ್ಡೆಯ ಹತ್ತಿರ ಬಂದಂತೆ ತಿಳಿಯಾಗಿತ್ತು. ಅತ್ತೆಯವರಿಗೆ ಒಂದೇ ಕಣ್ಣು, ಗೀಜಿನ ಸುಳಿವಿಲ್ಲ, ಮತ್ತು ಕೆಂಪು ಇದಕ್ಕೆ ತದ್ವಿರುದ್ಧವಾಗಿ ಕರಿಗುಡ್ಡೆಯ ಸುತ್ತ ಬಳೆಯಂತೆ ಗಾಢವಾಗಿ ಕೂತಿತ್ತು. ಫೋನಿನ ಪುಟ್ಟ ಪರದೆಯಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣಲಿಲ್ಲ. ಬಿಳಿಯಾಗಿರಬೇಕಾದದ್ದು ಕೆಂಪಾಗಿದೆ ಎನ್ನುವುದಷ್ಟೇ ಎಲ್ಲರಿಗೂ ಕಂಡದ್ದು.

ಭಾನುವಾರ ಇಡೀ ದಿನ ನಾವು ಮಾಡಿದ್ದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಬೆಳಕು ಚುಚ್ಚುತ್ತದೆ ಎಂದರೆಂದು ಪರದೆ ಎಳೆದು, ದೀಪ ಆರಿಸಿ ಕತ್ತಲೆಯಲ್ಲಿ ಮಲಗಿಸಿದೆವು. ಮೂಗು ಸೋರುತ್ತಿತ್ತೆಂದು ಶನಿವಾರ ಮಧ್ಯಾಹ್ನ ಕೊಟ್ಟಿದ್ದ ಶೀತದ ಮಾತ್ರೆಯನ್ನು, ತಲೆನೋವಿಗೂ ಆದೀತೆಂದು, ಮತ್ತೊಮ್ಮೆ ಕೊಟ್ಟೆವು. ಸೋಮವಾರ ಬೆಳಗ್ಗೆ ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, “ಈ ಕಣ್ಣಿಗೆ ನಿನ್ನ ಮುಖ ಹೊಗೆಯೊಳಗೆ ಇದ್ದ ಹಾಗೆ ಕಾಣುತ್ತದೆ” ಎಂದಾಗ ಎದೆ ಧಸಕ್ಕೆಂದಿತು. ರಿಕ್ಷಾ ಹಿಡಿದು ಕಣ್ಣಿನ ಆಸ್ಪತ್ರೆಗೆ ಓಡಿದೆವು.

ಅಲ್ಲಿಯ ವೈದ್ಯೆ ಮೊದಲು ಮಾಡಿದ್ದು ಟಾರ್ಚ್ ಬಿಟ್ಟು ಪಾಪೆಯನ್ನು ನೋಡಿದ್ದು. ಎಡಪಾಪೆ ಬೆಳಕಿಗೆ ಚಟ್ಟನೆ ಕುಗ್ಗಿತು. ಬಲಪಾಪೆ ಅರ್ಧ ಅರಳಿದ ಸ್ಥಿತಿಯಲ್ಲಿ, ಸ್ವಲ್ಪ ಮೊಟ್ಟೆಯಾಕಾರದಲ್ಲಿ, ಅಲುಗದೆ ನಿಂತಿತ್ತು. ಅದರ ಮೇಲಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಉಸಿರು ತಾಗಿದ ಗಾಜಿನಂತೆ ಮಸುಕಾಗಿತ್ತು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಬಲಗಣ್ಣಿನಲ್ಲಿ ಅದು 54 ಇತ್ತು. ಇದು ಕೋನ ಮುಚ್ಚಿಕೊಂಡು ದಿಢೀರನೆ ಬರುವ ಗ್ಲಾಕೋಮಾ ಎಂದರು.

ಅವರು ವಿವರಿಸಿದ್ದು ಹೀಗೆ. ಕಣ್ಣಿನ ಮುಂಭಾಗಕ್ಕೆ ಬೇಕಾದ ನೀರು ಕರಿಗುಡ್ಡೆಯ ಬಣ್ಣದ ಪರದೆಯ ಹಿಂದೆ ಹುಟ್ಟಿ, ಪಾಪೆಯ ತೂತಿನ ಮೂಲಕ ಮುಂದಕ್ಕೆ ಬಂದು, ಆ ಪರದೆಯೂ ಕಾರ್ನಿಯಾವೂ ಸೇರುವ ಮೂಲೆಯಲ್ಲಿರುವ ಜಾಲರಿಯಿಂದ ಹೊರಗೆ ಹರಿದುಹೋಗುತ್ತದೆ. ಪ್ಲಸ್ ಪವರಿನ ಕಣ್ಣು ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕದು, ಮೇಲಾಗಿ ವಯಸ್ಸಾದಂತೆ ಒಳಗಿನ ಮಸೂರ ದಪ್ಪವಾಗುತ್ತದೆ, ಹೀಗಾಗಿ ಆ ಮೂಲೆ ಮೊದಲೇ ಇಕ್ಕಟ್ಟು. ಪಾಪೆ ಅರ್ಧ ಅರಳಿದಾಗ ಪರದೆ ಮಸೂರಕ್ಕೆ ಒತ್ತಿಕೊಂಡು, ನೀರು ಹಿಂದೆಯೇ ನಿಂತು, ಪರದೆ ಮುಂದಕ್ಕೆ ಉಬ್ಬಿ ಜಾಲರಿಯನ್ನೇ ಮುಚ್ಚಿಬಿಡುತ್ತದೆ. ಮೋರಿಯ ಜಾಲರಿಗೆ ಪ್ಲಾಸ್ಟಿಕ್ ಹಾಳೆ ಅಡ್ಡ ಕೂತರೆ ಮಳೆನೀರು ಏನಾಗುತ್ತದೆಂದು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕತ್ತಲೆಯಲ್ಲಿ ಪಾಪೆ ಅರಳುತ್ತದೆ, ಶೀತದ ಹಲವು ಮಾತ್ರೆಗಳಲ್ಲಿರುವ ಔಷಧಗಳೂ ಅದನ್ನು ಅರಳಿಸುತ್ತವೆ. ಆರಾಮಕ್ಕೆಂದು ನಾವು ಮಾಡಿದ ಎರಡೂ ಉಪಚಾರಗಳು ಆ ಜಾಲರಿಯನ್ನು ಇನ್ನಷ್ಟು ಬಿಗಿಯುವಂಥವೇ ಆಗಿದ್ದವು. ಒತ್ತಡ ಏರಿದಾಗ ಕಾರ್ನಿಯಾ ನೀರು ಕುಡಿದು ಊದಿಕೊಳ್ಳುವುದರಿಂದ ದೀಪಗಳ ಸುತ್ತ ಬಣ್ಣದ ಬಳೆ ಕಾಣುತ್ತದೆ. ನೋವು ತೀವ್ರವಾದಾಗ ವಾಂತಿಯಾಗುವುದರಿಂದ ಎಷ್ಟೋ ಜನ ಮೊದಲು ಹೊಟ್ಟೆಯ ವೈದ್ಯರ ಬಳಿಗೋ ತಲೆನೋವಿನ ವೈದ್ಯರ ಬಳಿಗೋ ಹೋಗಿಬಿಡುತ್ತಾರಂತೆ.

ಮ್ಯಾನಿಟಾಲ್ ಡ್ರಿಪ್, ಅಸೆಟಜೋಲಮೈಡ್ ಮಾತ್ರೆ, ಒತ್ತಡ ಇಳಿಸುವ ಹನಿಮದ್ದುಗಳು ಎಲ್ಲ ಸೇರಿ ಸಂಜೆಯ ಹೊತ್ತಿಗೆ ಒತ್ತಡ 20ರ ಆಸುಪಾಸಿಗೆ ಬಂತು. ಕಾರ್ನಿಯಾ ತಿಳಿಯಾದ ಮೇಲೆ ಲೇಸರ್‌ನಿಂದ ಬಣ್ಣದ ಪರದೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ, ಪಾಪೆಯ ದಾರಿ ಮುಚ್ಚಿದರೂ ನೀರಿಗೆ ಬೇರೊಂದು ದಾರಿ ಇರುವಂತೆ ಮಾಡಿದರು. ನೋವಿಲ್ಲದ ಎಡಗಣ್ಣಿಗೂ ಅದನ್ನೇ ಮಾಡಿದರು, ಏಕೆಂದರೆ ಎರಡು ಕಣ್ಣುಗಳ ರಚನೆಯೂ ಒಂದೇ, ಸುಮ್ಮನೆ ಬಿಟ್ಟರೆ ಅದರ ಸರದಿಯೂ ಬರುವ ಸಂಭವ ಹೆಚ್ಚು. ನೋವು ಹೋಯಿತು. ಆದರೆ ಅಷ್ಟು ಹೊತ್ತು ಒತ್ತಿಹೋಗಿದ್ದ ಕಣ್ಣಿನ ನರಕ್ಕೆ ಆದ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಬಲಗಣ್ಣಿನ ಮೇಲ್ಭಾಗದ ನೋಟ ಇಂದಿಗೂ ಇಲ್ಲ. ಕಪಾಟಿನ ಬಾಗಿಲು ತೆರೆದಿದ್ದರೆ ಹಣೆ ತಾಗಿಸಿಕೊಳ್ಳುತ್ತಾರೆ.

ಹನಿಮದ್ದು ಕೊಟ್ಟವನ ಮೇಲೆ ಮೊದಲು ಬಹಳ ಸಿಟ್ಟು ಬಂದಿತ್ತು. ಆ ಒಂದು ದಿನದ ಹನಿಯಿಂದ ಒತ್ತಡ ಏರಿದ್ದಲ್ಲ ಎಂದು ವೈದ್ಯೆಯೇ ಹೇಳಿದರು. ಸ್ಟೆರಾಯ್ಡ್ ಹನಿಯನ್ನು ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ ಒತ್ತಡ ಏರುವುದು ನಿಜವಾದರೂ ಅದು ನಿಧಾನದ ಕಥೆ. ನಮ್ಮಲ್ಲಿ ಆ ಬಾಟಲಿ ಮಾಡಿದ ಹಾನಿಯೆಂದರೆ, ಚಿಕಿತ್ಸೆ ಶುರುವಾಗಿದೆ ಎಂಬ ಸಮಾಧಾನವನ್ನು ಕೊಟ್ಟದ್ದು. ಫೋಟೋ ನೋಡಿದ ವೈದ್ಯರನ್ನೂ ಪೂರ್ತಿ ದೂರಲಾರೆ. ನೋವು ಎಷ್ಟು, ಆ ಒಂದು ಕಣ್ಣಿನಿಂದ ಎಷ್ಟು ಕಾಣುತ್ತದೆ, ಒಳಗೆ ಒತ್ತಡ ಎಷ್ಟಿದೆ ಎಂಬುದನ್ನು ಯಾವ ಕ್ಯಾಮೆರಾವೂ ತೋರಿಸದು. ಆದರೂ ಕೇಳದೆಯೇ ಹೌದೆಂದರಲ್ಲ ಎಂಬ ಬೇಸರ ಉಳಿದೇ ಇದೆ.

ಆದ್ದರಿಂದ ಕೆಂಪುಗಣ್ಣಿನ ಫೋಟೋ ಕಳುಹಿಸುವ ಮುನ್ನ ನೀವೇ ಒಂದು ಕೆಲಸ ಮಾಡಿ. ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣನ್ನು ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್‌ನ ಅಂಕಿಗಳನ್ನು ಕೆಂಪುಗಣ್ಣಿನಿಂದ ಓದಿಸಿ. ರೆಪ್ಪೆ ಬಡಿದರೂ ಮಂಜು ಹೋಗದಿದ್ದರೆ, ಕಣ್ಣಿನಾಳದಲ್ಲಿ ಅಥವಾ ಹುಬ್ಬಿನ ಮೇಲೆ ನೋವಿದ್ದರೆ, ವಾಂತಿಯಾಗಿದ್ದರೆ, ದೀಪದ ಸುತ್ತ ಬಳೆ ಕಂಡಿದ್ದರೆ ಅಥವಾ ಎರಡು ಪಾಪೆಗಳ ಗಾತ್ರ ಬೇರೆಯಾಗಿದ್ದರೆ, ಫೋಟೋ ಕಳುಹಿಸುತ್ತ ಕೂರದೆ ಅಂದೇ, ರಾತ್ರಿಯಾಗಿದ್ದರೂ, ಕಣ್ಣಿನ ಒತ್ತಡ ಅಳೆಯುವ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಇವೆಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ, ನೋವಿನ ಜೊತೆ ದೃಷ್ಟಿ ಮಂಜಾದರೆ ಅಷ್ಟೇ ಸಾಕು.

ನಾನು ಯಾರಿಗೂ ಕಳುಹಿಸದ ಆ ಮೊದಲ ಫೋಟೋ ಇನ್ನೂ ಫೋನಿನಲ್ಲಿದೆ. ಕಿಟಕಿಯ ಬೆಳಕಿಗೆ ಎಡಪಾಪೆ ಸಾಸಿವೆಯಷ್ಟಾಗಿದೆ, ಬಲಪಾಪೆ ಮೆಣಸಿನಕಾಳಿನಷ್ಟಿದೆ. ಎರಡೂ ಕಣ್ಣು ಒಟ್ಟಿಗಿದ್ದ ಚಿತ್ರವನ್ನು ಬಿಟ್ಟು, ಹೋಲಿಸಲು ಏನೂ ಇಲ್ಲದ ಚಿತ್ರವನ್ನು ನಾನು ಆರಿಸಿದ್ದೆ. ಅದನ್ನು ವೈದ್ಯೆಗೆ ತೋರಿಸಿದಾಗ ಅವರು ಅದರ ಬಗ್ಗೆ ಏನೂ ಹೇಳದೆ, ಅತ್ತೆಯವರಿಗೆ ಅಕ್ಕತಂಗಿಯರು ಇದ್ದಾರೆಯೇ ಎಂದು ಕೇಳಿದರು. ಒಡಹುಟ್ಟಿದವರಲ್ಲಿಯೂ ಇದೇ ರಚನೆಯಿರುವ ಸಾಧ್ಯತೆ ಹೆಚ್ಚಂತೆ. ಕುಂದಾಪುರದಲ್ಲಿರುವ ಚಿಕ್ಕತ್ತೆಗೂ ಪ್ಲಸ್ ಕನ್ನಡಕವೇ, ಕಣ್ಣಿನ ತೊಂದರೆ ಎಂದೂ ಹೇಳಿದವರಲ್ಲ. ನೀರು ಹರಿದುಹೋಗುವ ಆ ಮೂಲೆಯನ್ನು ನೋಡುವ ಗೋನಿಯೋಸ್ಕೋಪಿ ಪರೀಕ್ಷೆ ಮಾಡಿಸಿದಾಗ ಅವರ ಎರಡೂ ಕಣ್ಣುಗಳಲ್ಲಿ ಅದು ಇಕ್ಕಟ್ಟಾಗಿದ್ದುದು ಗೊತ್ತಾಯಿತು. ಆಗಸ್ಟ್‌ನಲ್ಲಿ ಅವರಿಗೂ ಲೇಸರ್ ಆಯಿತು, ಅದೇ ದಿನ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು.