ಅಹವಾಲು ಸಭೆಯ ನಡವಳಿಗೆ ಸಾರಾಂಶ: ಮೂರು ದಾರಿ, ಯಾವುದರಲ್ಲಿ ಯಾರ ಮಾತು ಉಳಿಯಿತು

ಉತ್ತರ ಕೊಡಗಿನ ಒಂದು ಕಲ್ಲುಕೋರೆಯ ವಿಸ್ತರಣೆಗೆ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಸಭೆಯ ನಡವಳಿ, ಜನ ಕೊಟ್ಟ ಲಿಖಿತ ಅರ್ಜಿಗಳು, ಕೋರೆಯವರ ಉತ್ತರ ಎಲ್ಲಾ ಸೇರಿ ದಪ್ಪ ಕಡತ. ಗ್ರಾಮಸಭೆಗೆ ಮುಂಚೆ ಪಂಚಾಯಿತಿ ಸದಸ್ಯರು ಓದಿ ಮುಗಿಸುವಂಥ ನಾಲ್ಕೈದು ಪುಟದ ಸಾರಾಂಶ ಬೇಕಿತ್ತು. ಬೆಳೆಗಾರರು, ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು, ಹಾಡಿಯ ಆದಿವಾಸಿಗಳು, ಟಿಪ್ಪರ್ ಇಟ್ಟವರು, ಯಾರು ಓದಿದರೂ ‘ಹೌದು, ನಾವು ಹೇಳಿದ್ದು ಇದೇ’ ಅನ್ನಬೇಕು. ಅದಕ್ಕಾಗಿ ಅದೇ ಕಡತವನ್ನು ಮೂರು ರೀತಿಯಲ್ಲಿ ಬರೆದು ನೋಡಿದೆ. ಮಾತಿನ ಸರದಿಯಂತೆ ಒಂದು, ವಿಷಯವಾರು ಒಂದು, ಗುಂಪುವಾರು ಒಂದು.

ಇಂಥ ಸಭೆ ನಡೆಯುವುದು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ. ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ಬಂದವರಿಗೆಲ್ಲ ಮಾತಾಡಲು ಅವಕಾಶ ಕೊಡಬೇಕು. ಪೂರ್ತಿ ಸಭೆಯ ವಿಡಿಯೊ ಆಗಬೇಕು. ಕೊನೆಗೆ ಎಲ್ಲರ ಅಭಿಪ್ರಾಯದ ಸಾರವನ್ನು ಅಲ್ಲೇ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಇನ್ನೊಂದು ಮಾತು ನಮ್ಮ ಕೆಲಸಕ್ಕೆ ತುಂಬಾ ಮುಖ್ಯ: ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ. ಅಂದರೆ ಇದು ಮತದಾನ ಅಲ್ಲ. ಹತ್ತು ಜನ ಹೇಳಿದ ಆತಂಕಕ್ಕೂ ಒಬ್ಬರೇ ಹೇಳಿದ ಆತಂಕಕ್ಕೂ ದಾಖಲೆಯಲ್ಲಿ ಜಾಗ ಇದೆ.

ಸರದಿಯಂತೆ ಬರೆದಾಗ

ಇದು ಸುಲಭ. ನಡವಳಿಯನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರ ಮಾತನ್ನೂ ಎರಡೆರಡು ಸಾಲಿಗೆ ಇಳಿಸುತ್ತಾ ಹೋಗುವುದು. ಯಾರ ಮಾತೂ ಬಿಟ್ಟುಹೋಗುವುದಿಲ್ಲ. ಆದರೆ ಓದುವವರಿಗೆ ಏನೂ ಹಿಡಿತಕ್ಕೆ ಸಿಗುವುದಿಲ್ಲ. ಮೊದಲು ಮೈಕ್ ಹಿಡಿಯುವವರು ಸಾಮಾನ್ಯವಾಗಿ ಮಾತು ಬಲ್ಲವರು, ಮುಂದಿನ ಸಾಲಿನವರು. ಲೈನ್ ಮನೆಯ ಹೆಂಗಸರು ಮಾತಾಡಿದ್ದು ಮಧ್ಯಾಹ್ನದ ಮೇಲೆ. ಸಾರಾಂಶದಲ್ಲೂ ಅವರು ನಾಲ್ಕನೇ ಪುಟಕ್ಕೆ ಹೋದರು. ಅಷ್ಟು ಹೊತ್ತಿಗೆ ಓದುಗರ ಗಮನ ಸೋತಿರುತ್ತದೆ, ಅಲ್ವಾ? ಕಡತ ತಪಾಸಣೆ ಮಾಡುವವರಿಗೆ ಇದು ಉಪಯೋಗ, ಸದಸ್ಯರಿಗೆ ಅಲ್ಲ.

ವಿಷಯವಾರು ಬರೆದಾಗ

ನೀರು, ಧೂಳು, ಸಿಡಿತ, ರಸ್ತೆ, ಕೆಲಸ. ಐದು ತಲೆಬರಹ, ಒಂದೊಂದರ ಪಕ್ಕದಲ್ಲಿ ಕೋರೆಯವರ ಉತ್ತರ. ನಡವಳಿಯ ಜೊತೆ ಬರುವ ಪಟ್ಟಿಯೂ ಇದೇ ರೂಪದ್ದು. ಜನ ಎತ್ತಿದ ವಿಷಯ ಒಂದು ಕಡೆ, ಕೋರೆಯವರ ಉತ್ತರ ಇನ್ನೊಂದು ಕಡೆ. ನೋಡಲು ಚೊಕ್ಕ. ಆದರೆ ಗುಂಪುಗಳಿಗೆ ಅನ್ಯಾಯ ಆಗುವುದು ಇಲ್ಲೇ. ನೀರಿನ ವಿಷಯವನ್ನೇ ಬಿಡಿಸಿ ನೋಡೋಣ.

ವಿಷಯವಾರು ಸಾರಾಂಶದಲ್ಲಿ ನೀರಿಗೆ ಬಂದದ್ದು ಹೀಗೆ: ‘ನೀರಿನ ಮೂಲಗಳಿಗೆ ತೊಂದರೆ ಆಗುತ್ತದೆಂದು ಸ್ಥಳೀಯರು ಆತಂಕ ಹೇಳಿದರು. ಉತ್ತರ: ಮಳೆ ನೀರು ಇಂಗಿಸಲು ಹೊಂಡಗಳನ್ನು ಮಾಡಲಾಗುವುದು.’ ಒಂದು ಪ್ರಶ್ನೆ, ಒಂದು ಉತ್ತರ, ಮುಗಿದಂತೆ ಕಾಣುತ್ತದೆ.

ಕಡತಕ್ಕೆ ಮರಳಿ ಹೋದರೆ ‘ಸ್ಥಳೀಯರು’ ಎಂಬ ಒಂದು ಮಾತಿನ ಕೆಳಗೆ ಬೇರೆ ಬೇರೆ ಕಷ್ಟಗಳು ಅಡಗಿವೆ. ಸಣ್ಣ ಬೆಳೆಗಾರರು ಹೇಳಿದ್ದು ಅಂತರ್ಜಲದ ಬಗ್ಗೆ. ಕೋರೆ ಆಳಕ್ಕೆ ಇಳಿದಂತೆ ಬೇಸಿಗೆಯಲ್ಲಿ ಬಾವಿ, ಬೋರ್‌ವೆಲ್ ಬತ್ತುತ್ತವೆ ಎಂಬ ಭಯ ಅವರದು. ದೊಡ್ಡ ತೋಟದವರ ಚಿಂತೆ ತೋಟದ ಕೆರೆ. ಹೂಮಳೆ ಕೈಕೊಟ್ಟರೆ ಕೆರೆ ನೀರನ್ನೇ ಸ್ಪ್ರಿಂಕ್ಲರ್‌ನಲ್ಲಿ ಹಾಯಿಸಿ ರೋಬಸ್ಟಾ ಹೂ ಅರಳಿಸುತ್ತಾರೆ. ಕೋರೆಯ ಮಣ್ಣು ಬಂದು ಕೆರೆ ತುಂಬಿದರೆ ಆ ವರ್ಷದ ಫಸಲಿಗೇ ಪೆಟ್ಟು. ಲೈನ್ ಮನೆಯವರಿಗೆ ಕುಡಿಯಲು ಇರುವುದು ಕೆಳಗೆ ಹರಿಯುವ ತೋಡು. ಮಳೆಗಾಲದಲ್ಲಿ ಕಲ್ಲುಪುಡಿ ಸೇರಿ ನೀರು ಬೆಳ್ಳಗಾಗುತ್ತದೆ ಎಂದರು. ಜೇನುಕುರುಬರ ಹಾಡಿಯವರ ಮಾತೇ ಬೇರೆ. ನೀರು ಕೆಡುವುದಿರಲಿ, ಬೇಲಿ ಹಾಕಿದರೆ ತೋಡಿಗೆ ಹೋಗುವ ದಾರಿಯೇ ಮುಚ್ಚುತ್ತದೆ ಎಂದು ಹೇಳಿದ್ದರು.

ಈಗ ಆ ಉತ್ತರವನ್ನು ಮತ್ತೆ ಓದಿ. ಇಂಗುಹೊಂಡ ಸಣ್ಣ ಬೆಳೆಗಾರರ ಪ್ರಶ್ನೆಗೆ ಅಷ್ಟೋ ಇಷ್ಟೋ ಉತ್ತರ ಆಗಬಹುದು. ತೋಡಿಗೆ ಸೇರುವ ಪುಡಿಗೆ ಅದು ಉತ್ತರ ಅಲ್ಲ. ಅದಕ್ಕೆ ಬೇಕಾದದ್ದು ಹೂಳು ತಡೆಯುವ ಗುಂಡಿ ಮತ್ತು ಸುತ್ತ ಚರಂಡಿ. ಮುಚ್ಚುವ ದಾರಿಗಂತೂ ಸಂಬಂಧವೇ ಇಲ್ಲ. ವಿಷಯವಾರು ಪಟ್ಟಿ ಯಾವ ಸುಳ್ಳನ್ನೂ ಬರೆಯಲಿಲ್ಲ. ಆದರೂ ಉತ್ತರ ಸಿಗದವರಿಗೆ ಉತ್ತರ ಸಿಕ್ಕಂತೆ ತೋರಿಸಿತು. ನನಗೆ ಈ ದಾರಿಯ ಬಗ್ಗೆ ಇರುವ ದೊಡ್ಡ ತಕರಾರು ಇದು.

ಗುಂಪುವಾರು ಬರೆದಾಗ

ಇಲ್ಲಿ ಮೊದಲ ಕಷ್ಟ ಬರೆಯುವುದಲ್ಲ, ಗುಂಪು ಮಾಡುವುದು. ‘ಪರ’ ಮತ್ತು ‘ವಿರೋಧ’ ಎಂದು ಎರಡೇ ಮಾಡಿದರೆ ಷರತ್ತು ಹಾಕಿ ಒಪ್ಪಿದವರಿಗೆ ಜಾಗವೇ ಇರುವುದಿಲ್ಲ. ಜಾತಿ, ಸಮುದಾಯ ನೋಡಿ ಮಾಡಿದರೆ ಒಂದೇ ಸಮುದಾಯದ ಎಸ್ಟೇಟ್ ಮಾಲೀಕರೂ ಕೂಲಿಯವರೂ ಒಂದೇ ಕಡೆ ಬೀಳುತ್ತಾರೆ. ನಾನು ಕೊನೆಗೆ ನೋಡಿದ್ದು ಒಂದೇ: ಈ ಕೋರೆಯಿಂದ ಇವರ ಬದುಕಿನಲ್ಲಿ ಏನು ಬದಲಾಗುತ್ತದೆ, ಮತ್ತು ಸಭೆಯಲ್ಲಿ ತಮ್ಮನ್ನು ಏನೆಂದು ಹೇಳಿಕೊಂಡರು? ಆಗ ಸಣ್ಣ ಬೆಳೆಗಾರರು, ದೊಡ್ಡ ತೋಟದವರು, ಲೈನ್ ಮನೆಯವರು, ಹಾಡಿಯವರು, ಟಿಪ್ಪರ್ ಮತ್ತು ಕೆಲಸ ನಂಬಿದವರು, ಶಾಲೆ ಮಕ್ಕಳ ಪೋಷಕರು, ಕೋರೆಯವರು ಎಂದು ಬೇರೆಯಾದವು. ಬೆಳೆಗಾರರನ್ನು ಎರಡು ಮಾಡಿದ್ದು ಸುಮ್ನೆ ಅಲ್ಲ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್‌ವರೆಗಿನವರು ಸಣ್ಣ ಬೆಳೆಗಾರರು. ನೀರಿನ ವಿಷಯದಲ್ಲಿ ನೋಡಿದಿರಲ್ಲ, ಇಬ್ಬರ ನಷ್ಟವೂ ಬೇರೆ, ಕೇಳಿದ್ದೂ ಬೇರೆ.

ಒಬ್ಬ ಬೆಳೆಗಾರರಿಗೆ ಎರಡು ಟಿಪ್ಪರ್ ಕೂಡ ಇದ್ದವು. ಸಿಡಿತದಿಂದ ಮನೆ ಗೋಡೆ ಬಿರುಕು ಬಿಟ್ಟಿದೆ ಎಂದರು. ಕೋರೆ ನಿಂತರೆ ಗಾಡಿಯ ಸಾಲದ ಕಂತು ಕಟ್ಟಲಾಗದು ಎಂದೂ ಅವರೇ ಹೇಳಿದರು. ಅವರನ್ನು ಒಂದು ಗುಂಪಿಗೆ ತಳ್ಳಬಾರದು. ಬಿರುಕಿನ ಮಾತು ಬೆಳೆಗಾರರ ಭಾಗಕ್ಕೆ, ಕಂತಿನ ಮಾತು ಟಿಪ್ಪರ್‌ನವರ ಭಾಗಕ್ಕೆ ಹೋಯಿತು. ಎರಡು ಕಡೆಯೂ ಅವರ ಸರದಿ ಸಂಖ್ಯೆಯನ್ನೇ ಹಾಕಿದೆ. ಹೆಸರು ಬರೆಯಲಿಲ್ಲ. ಸಣ್ಣ ಊರು, ನಾಳೆ ಅವರು ಅದೇ ಅಂಗಡಿಗೆ ಹೋಗಬೇಕು.

ಗುಂಪಿನೊಳಗೆ ಒಡಕು ಇದ್ದರೆ ಅದನ್ನು ಮುಚ್ಚಬಾರದು. ಸಣ್ಣ ಬೆಳೆಗಾರರ ಭಾಗ ಶುರುವಾಗುವುದೇ ಹೀಗೆ: ‘ಈ ಗುಂಪಿನಲ್ಲಿ ಹೆಚ್ಚಿನವರು ವಿಸ್ತರಣೆ ಬೇಡ ಎಂದರು. ಕೆಲವರು ಬಾವಿಗಳ ನೀರಿನ ಮಟ್ಟವನ್ನು ಮುಂಚೆಯೇ ಅಳೆದು ದಾಖಲಿಸಿದರೆ, ಬತ್ತಿದಾಗ ಪರಿಹಾರ ಕೊಡುವುದಾಗಿ ಬರೆದುಕೊಟ್ಟರೆ ಒಪ್ಪುತ್ತೇವೆ ಎಂದರು.’ ಈ ‘ರೆ’ ಎಂಬ ಷರತ್ತು ಸಾರಾಂಶದಲ್ಲಿ ಮೊದಲು ಉದುರಿಹೋಗುವ ವಸ್ತು. ಉದುರಿದರೆ ಅವರು ಒಮ್ಮೆ ವಿರೋಧಿಗಳಾಗುತ್ತಾರೆ, ಇನ್ನೊಮ್ಮೆ ಬೆಂಬಲಿಗರಾಗುತ್ತಾರೆ. ಎರಡೂ ಅವರಲ್ಲ.

ಪ್ರತಿ ಆತಂಕಕ್ಕೂ ನಾಲ್ಕು ಸಂಗತಿ ಹುಡುಕಿದೆ: ಏನು, ಯಾಕೆ, ಎಲ್ಲಿ ಅಥವಾ ಯಾವ ಕಾಲದಲ್ಲಿ, ಏನು ಬೇಕೆಂದು ಕೇಳಿದರು. ನ್ಯಾಯ ಎಂದರೆ ಎಲ್ಲ ಗುಂಪಿಗೂ ಸಮ ಸಾಲು ಹಂಚುವುದಲ್ಲ. ದೊಡ್ಡ ತೋಟದವರು ತುಂಬಾ ಹೊತ್ತು ಮಾತಾಡಿದರು, ಆದರೆ ಬೇರೆ ಬೇರೆ ಆತಂಕಗಳು ಕಡಿಮೆ. ಲೈನ್ ಮನೆಯವರು ಸ್ವಲ್ಪವೇ ಮಾತಾಡಿದರು, ಆದರೆ ಒಂದೊಂದು ವಾಕ್ಯದಲ್ಲೂ ಹೊಸ ಸಂಗತಿ. ಎರಡು ಭಾಗಗಳೂ ಹೆಚ್ಚುಕಮ್ಮಿ ಒಂದೇ ಉದ್ದಕ್ಕೆ ಬಂದವು. ಒಂದೇ ಒಕ್ಕಣೆಯ ಅರ್ಜಿಗಳ ಕಟ್ಟು ಟಿಪ್ಪರ್ ಗುಂಪಿನಿಂದಲೂ ಬಂತು, ಬೆಳೆಗಾರರಿಂದಲೂ ಬಂತು. ಎರಡಕ್ಕೂ ಒಂದೇ ನಿಯಮ: ಆತಂಕವನ್ನು ಒಮ್ಮೆ ಬರೆಯುವುದು, ಒಂದೇ ಒಕ್ಕಣೆಯ ಅರ್ಜಿ ಎಷ್ಟು ಬಂದಿವೆ ಎಂದು ಪಕ್ಕದಲ್ಲಿ ಹೇಳುವುದು.

ಕೋರೆಯವರ ಉತ್ತರವನ್ನು ಎಲ್ಲಿ ಇಡಬೇಕು ಎಂಬುದೂ ದೊಡ್ಡ ಪ್ರಶ್ನೆ. ಅವರೂ ಒಂದು ಗುಂಪು. ಅವರ ವಾದಕ್ಕೂ ಪೂರ್ತಿ ಭಾಗ ಬೇಕು: ಹತ್ತಿರದಲ್ಲೇ ಜಲ್ಲಿ ಸಿಗುತ್ತದೆ, ಊರವರಿಗೆ ಕೆಲಸ ಸಿಗುತ್ತದೆ, ಹೊತ್ತು ನೋಡಿ ಸಿಡಿಸುತ್ತೇವೆ ಎಂಬುದೆಲ್ಲ ಅಲ್ಲಿ ಬಂತು. ಆದರೆ ಬೇರೆಯವರ ಆತಂಕದ ಕೆಳಗೆ ಅವರ ಉತ್ತರ ಬರುವುದು, ಅದು ನಿಜವಾಗಿ ಆ ಪ್ರಶ್ನೆಗೇ ಹೇಳಿದ್ದಾದರೆ ಮಾತ್ರ. ಇಲ್ಲದಿದ್ದರೆ ‘ಇದಕ್ಕೆ ನಡವಳಿಯಲ್ಲಿ ಉತ್ತರ ಇಲ್ಲ’ ಎಂದು ಬರೆದೆ. ಹಾಡಿಯವರ ದಾರಿಯ ಮುಂದೆ ಆ ಸಾಲು ನಿಂತಿತು. ಸದಸ್ಯರು ಹೆಚ್ಚು ಹೊತ್ತು ಚರ್ಚಿಸಿದ್ದು ಅದನ್ನೇ.

ಈ ದಾರಿಯಲ್ಲಿ ಶ್ರಮ ಜಾಸ್ತಿ, ಅದು ನಿಜ. ನಡವಳಿಯಲ್ಲಿ ‘ಇನ್ನೂ ಕೆಲವರು ಇದೇ ಅಭಿಪ್ರಾಯ ಹೇಳಿದರು’ ಎಂದಿದ್ದಲ್ಲೆಲ್ಲ ವಿಡಿಯೊ ನೋಡಲೇಬೇಕು. ಹಾಡಿಯ ಹಿರಿಯರ ಮಾತು ನಡವಳಿಯಲ್ಲಿ ಅಂಥ ಒಂದು ಸಾಲಿನೊಳಗೆ ಸೇರಿಹೋಗಿತ್ತು. ದಾರಿಯ ವಿಷಯ ಸಿಕ್ಕಿದ್ದು ವಿಡಿಯೊದಲ್ಲಿ. ಇನ್ನೊಂದು ಕೊರತೆ, ಒಂದೇ ವಿಷಯ ನಾಲ್ಕು ಕಡೆ ಚದುರುತ್ತದೆ. ಪರವಾನಗಿಗೆ ಷರತ್ತು ಬರೆಯುವ ತಜ್ಞರ ಸಮಿತಿಗೆ ಧೂಳಿನ ಬಗ್ಗೆ ಎಲ್ಲವೂ ಒಂದೇ ಕಡೆ ಸಿಕ್ಕರೆ ಅನುಕೂಲ. ಅಂಥ ಓದುಗರಿಗೆ ವಿಷಯವಾರು ಪಟ್ಟಿಯೇ ಸರಿ. ಅದಕ್ಕೆ ಗುಂಪುವಾರು ಸಾರಾಂಶದ ಕೊನೆಗೆ ಅರ್ಧ ಪುಟದ ಸೂಚಿ ಸೇರಿಸಿದೆ: ನೀರು ಎಂದರೆ ಯಾವ ಯಾವ ಗುಂಪಿನ ಎಷ್ಟನೇ ಅಂಶ ನೋಡಬೇಕು, ಅಷ್ಟೇ. ಉತ್ತರವನ್ನು ಸೂಚಿಯಲ್ಲಿ ಹಾಕಲಿಲ್ಲ.

ಗುಂಪುಗಳ ಕ್ರಮದ ಬಗ್ಗೆಯೂ ಪ್ರಶ್ನೆ ಬರುತ್ತದೆ, ಯಾರು ಮೊದಲು ಎಂದು. ಕೋರೆಗೆ ಹತ್ತಿರ ಇರುವವರು ಮೊದಲು ಎಂದು ಇಟ್ಟೆ, ಆ ಕಾರಣವನ್ನು ಮೊದಲ ಪುಟದಲ್ಲೇ ಬರೆದೆ.

ಹಂಚುವ ಮುಂಚೆ ಪ್ರತಿ ಭಾಗವನ್ನೂ ಆ ಗುಂಪಿನ ಒಬ್ಬರಿಗೆ ಓದಿ ಹೇಳಿದೆ. ಲೈನ್ ಮನೆಯ ಅಕ್ಕ ಒಬ್ಬರು ಕೇಳಿಸಿಕೊಂಡು, ‘ನೀರು ಬೆಳ್ಳಗಾಗುತ್ತದೆ ಅಂತ ಬರೆದಿರಿ, ಟ್ಯಾಂಕರ್ ಕಳಿಸಿ ಅಂತ ಕೇಳಿದ್ದೆವಲ್ಲ, ಅದೆಲ್ಲಿ?’ ಎಂದರು. ವಿಡಿಯೊದಲ್ಲಿ ಹುಡುಕಿದರೆ ಆ ಮಾತು ಇತ್ತು, ನಡವಳಿಯಲ್ಲಿ ಇರಲಿಲ್ಲ. ಸೇರಿಸಿ, ಪಕ್ಕದಲ್ಲಿ ವಿಡಿಯೊದ ನಿಮಿಷ ಹಾಕಿದೆ. ನಡವಳಿಯಿಂದ ಬಂದ ಸಾಲುಗಳಿಗೆಲ್ಲ ಅದರ ಪುಟ ಸಂಖ್ಯೆ ಇದೆ. ಟಿಪ್ಪರ್‌ನವರ ಕಡೆಯಿಂದ ಒಬ್ಬರು ಸಭೆಯಲ್ಲಿ ಹೇಳದ ಒಂದು ವಾದವನ್ನು ಈಗ ಸೇರಿಸಿ ಎಂದರು. ಅದು ಕಡತದಲ್ಲಿ ಇರಲಿಲ್ಲ. ಗ್ರಾಮಸಭೆಯಲ್ಲಿ ನೀವೇ ಎದ್ದು ಹೇಳಿ, ಅಲ್ಲಿ ದಾಖಲಾಗುತ್ತದೆ ಎಂದೆ. ಅವರು ಹಾಗೇ ಮಾಡಿದರು.