ಎರಡು ಪೀಳಿಗೆ ದಾಟಿದ ಗ್ರಾಫಿಕ್ಸ್ ಕಾರ್ಡ್: ಹದಿನೆಂಟು ತಿಂಗಳ ಲೆಕ್ಕ

ಮಡಿಕೇರಿಯ ನಮ್ಮ ಮನೆಯ ಕಂಪ್ಯೂಟರಿನಿಂದ ಆರ್‌ಟಿಎಕ್ಸ್ 2060 ಕಾರ್ಡನ್ನು ತೆಗೆದು ಆರ್‌ಟಿಎಕ್ಸ್ 4060 ಹಾಕಿ ಹದಿನೆಂಟು ತಿಂಗಳಾಯಿತು. ಹೊಸದಕ್ಕೆ 30,000 ರೂಪಾಯಿ ಕೊಟ್ಟೆ, ಹಳೆಯದು 9,000ಕ್ಕೆ ಹೋಯಿತು, ಕೈಯಿಂದ ಹೋದದ್ದು 21,000. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 1080ಪಿ ಮಾನಿಟರ್ ಮೊದಲಿನವೇ.

ಸೈಬರ್‌ಪಂಕ್ 2077 ಆಟದಲ್ಲಿ, ನಗರದ ಹೊರಗಿನ ಬಯಲಿನಲ್ಲಿ ಸೆಕೆಂಡಿಗೆ 52 ಇದ್ದ ಫ್ರೇಮ್‌ಗಳು 83ಕ್ಕೆ ಏರಿದವು. ಆದರೆ ಜನಸಂದಣಿಯ ಮಾರುಕಟ್ಟೆಗೆ ಕಾಲಿಟ್ಟೊಡನೆ 48 ಇದ್ದದ್ದು 61ಕ್ಕೆ ಬಂದು ನಿಂತಿತು, ಮತ್ತು ಅಲ್ಲಿ ಹೊಸ ಕಾರ್ಡಿನ ಬಳಕೆ ಶೇಕಡಾ 65ನ್ನು ದಾಟುತ್ತಿರಲಿಲ್ಲ. ಕಾರ್ಡಿನ ಹೊರೆ ತಗ್ಗಲೆಂದು ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿದರೂ ಅದೇ 61. ತಡೆ ಪ್ರೊಸೆಸರಿನದು ಎಂಬುದು ಅಲ್ಲಿಗೆ ಖಚಿತವಾಯಿತು. ನಡುನಡುವೆ ಕಾರ್ಡೇ ಊಹಿಸಿದ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್ ಹಾಕಿದರೆ ಅಂಕಿ ನೂರರ ಹತ್ತಿರ ಹೋಗುತ್ತದೆ, ಚಿತ್ರವೂ ನಯವಾಗುತ್ತದೆ, ಆದರೆ ಮೌಸ್ ತಿರುಗಿಸಿದಾಗ ಕೈಗೆ ಸಿಗುವ ಚುರುಕು ಹೆಚ್ಚುವುದಿಲ್ಲ.

ಈ ಪರೀಕ್ಷೆಯನ್ನು ದುಡ್ಡು ಕೊಡುವ ಮೊದಲೇ, ಹಳೆಯ ಕಾರ್ಡಿನಲ್ಲೇ ಮಾಡಬಹುದಿತ್ತು ಎಂಬುದೇ ನನ್ನ ಪಶ್ಚಾತ್ತಾಪ. ನೀವು ಹೆಚ್ಚು ಆಡುವ ಆಟದ ಅತಿ ಭಾರದ ಜಾಗದಲ್ಲಿ ನಿಂತು ರೆಸಲ್ಯೂಶನ್ ಒಂದನ್ನೇ ತೀರ ಕೆಳಗಿಳಿಸಿ ನೋಡಿ: ಆಗ ಕಾಣುವ ಫ್ರೇಮ್ ದರವೇ ಹೆಚ್ಚುಕಡಿಮೆ ನಿಮ್ಮ ಪ್ರೊಸೆಸರಿನ ಮಿತಿ, ಎಂಥ ಕಾರ್ಡ್ ತಂದರೂ ಅದನ್ನು ಮೀರುವುದಿಲ್ಲ. ಜನಸಂದಣಿ ಮತ್ತು ರೇ ಟ್ರೇಸಿಂಗ್ ಆಯ್ಕೆಗಳನ್ನು ಮುಟ್ಟಬಾರದು, ಏಕೆಂದರೆ ಅವು ಪ್ರೊಸೆಸರಿನ ಮೇಲೂ ಹೊರೆ ಹಾಕುತ್ತವೆ.

ಇನ್ನೊಂದು ತೊಡಕು ತಡವಾಗಿ ತಿಳಿಯಿತು. ಹಳೆಯ ಕಾರ್ಡ್ ಮದರ್‌ಬೋರ್ಡಿಗೆ ಹದಿನಾರು ಲೇನ್‌ಗಳಲ್ಲಿ, ಅಂದರೆ ದತ್ತಾಂಶ ಹರಿಯುವ ದಾರಿಗಳಲ್ಲಿ, ಜೋಡಣೆಯಾಗುತ್ತಿತ್ತು. ಹೊಸದಕ್ಕೆ ಇರುವುದು ಎಂಟೇ. ಬೋರ್ಡಿನಲ್ಲಿ ಹೆಚ್ಚು ವೇಗದ ಪಿಸಿಐಇ 4.0 ಜೋಡಣೆ ಇದ್ದಲ್ಲಿ ವೇಗ ಸರಿದೂಗುತ್ತದೆ, ನನ್ನ ಬೋರ್ಡಿನ 3.0ದಲ್ಲಿ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಆಟದ ವಸ್ತುಗಳಿಗೆ ಹೊದಿಸುವ ಮೇಲ್ಮೈ ಚಿತ್ರಗಳಾದ ಟೆಕ್ಸ್ಚರ್‌ಗಳು ಕಾರ್ಡಿನ 8 ಜಿಬಿ ಮೆಮೊರಿಯೊಳಗೆ ಹಿಡಿಸುವವರೆಗೆ ಇದು ಗೊತ್ತೇ ಆಗುವುದಿಲ್ಲ. ಮೀರಿದಾಗ ವಾಹನವನ್ನು ರಭಸದಿಂದ ತಿರುಗಿಸಿದಲ್ಲೆಲ್ಲ ಚಿತ್ರ ತಡವರಿಸುತ್ತದೆ. ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಹಂತ ಇಳಿಸಿದ ಮೇಲೆ ಆ ಕಾಟ ತಪ್ಪಿತು.

ನಿರೀಕ್ಷಿಸದ ಲಾಭ ಸಿಕ್ಕಿದ್ದು ಮಳೆಗಾಲದಲ್ಲಿ. ಹಳೆಯ ಕಾರ್ಡಿನ ವಿದ್ಯುತ್ ಮಿತಿ 160 ವ್ಯಾಟ್, ಹೊಸದರದ್ದು 115. ನಮ್ಮಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ. ಮೊದಲು ಆಟದ ನಡುವೆ ಕರೆಂಟ್ ಹೋದರೆ 600 ವಿಎ ಯುಪಿಎಸ್ ಕಿರುಚಿ ಕೆಲವೊಮ್ಮೆ ಒಮ್ಮೆಲೇ ಆರಿಹೋಗುತ್ತಿತ್ತು, ಈಗ ಆಟವನ್ನು ಸೇವ್ ಮಾಡಿ ಯಂತ್ರವನ್ನು ಕ್ರಮವಾಗಿ ಮುಚ್ಚುವಷ್ಟು ಸಮಯ ಸಿಗುತ್ತದೆ.

ಕಥೆಪ್ರಧಾನ ಆಟಗಳನ್ನು ಆಡುವ ನನಗೆ 21,000 ನಷ್ಟವೆನಿಸಿಲ್ಲ. ಹಗುರ ಆಟವಾದ ವ್ಯಾಲೊರಂಟ್ ಮಾತ್ರ ಆಡುವ ನನ್ನ ತಮ್ಮನಿಗೆ ವ್ಯತ್ಯಾಸವೇ ಕಾಣಲಿಲ್ಲ. ಅವನಿಗಾಗಿ ಈ ಕಾರ್ಡ್ ಕೊಳ್ಳುವುದು ದಂಡ. ಇದೇ ಬೋರ್ಡಿಗೆ ರೈಜೆನ್ 7 5700ಎಕ್ಸ್ ತಂದಿಟ್ಟಿದ್ದೇನೆ. ಅದನ್ನು ಹಾಕುವ ಮೊದಲು ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಆಗಬೇಕು, ಅದರ ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಆದ್ದರಿಂದ ಪ್ರೊಸೆಸರ್ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಮಳೆ ನಿಲ್ಲಲಿ ಎಂದು ಕಾಯುತ್ತಿದ್ದೇನೆ.